ಕಾಯಿಸಿದ ಕುರಿ ಚರ್ಬಿ: ಗೆಜ್ಜೆಪಟ್ಟಿಯ ಮೇಲೆ ಬಿಳಿ ಪುಡಿ, ಗೆಜ್ಜೆಯ ಬುಡದಲ್ಲಿ ಹಸಿರು

ಹಾವೇರಿ ಪಟ್ಟಿಗಾರ

ಎಲ್ಲರಿಗೂ ನಮಸ್ಕಾರ. ನಮ್ಮದು ಹಾವೇರಿ ಹತ್ತಿರದ ಹಳ್ಳಿ. ದೀಪಾವಳಿಯ ಹೋರಿ ಹಬ್ಬಕ್ಕೆ ಬೇಕಾಗುವ ಗೆಜ್ಜೆಪಟ್ಟಿ ಮತ್ತು ಕೊರಳಪಟ್ಟಿಗಳನ್ನು ಹೊಲಿಯುವುದು, ಹಳೆಯವನ್ನು ದುರಸ್ತಿ ಮಾಡುವುದು ನನ್ನ ಕೆಲಸ. ಪೇಟೆಯಲ್ಲಿ ಸಿಗುವ ಗ್ರೀಸಿನಲ್ಲಿ ಯಾವ ಪ್ರಾಣಿಯ ಕೊಬ್ಬಿದೆಯೋ ತಿಳಿಯದು, ಅದನ್ನು ಹೋರಿಯ ಕೊರಳಿಗೆ ಹಚ್ಚಬೇಡ ಎಂದು ಗಿರಾಕಿಗಳು ಹೇಳುತ್ತಾರೆ. ಅದಕ್ಕಾಗಿ ಈ ಸಲ ಹುಬ್ಬಳ್ಳಿಯ ಮಟನ್ ಅಂಗಡಿಯೊಂದರಲ್ಲಿ ಹೇಳಿಟ್ಟು 5 ಕಿಲೋ ಕುರಿಯ ಚರ್ಬಿ ತಂದು ಮನೆಯಲ್ಲಿಯೇ ಕಾಯಿಸಿದೆ. ದೊಡ್ಡ ದೊಡ್ಡ ತುಂಡುಗಳನ್ನೇ ಅಲ್ಯೂಮಿನಿಯಂ ಪಾತೇಲಿಗೆ ಹಾಕಿ ಕಟ್ಟಿಗೆ ಒಲೆಯ ಮೇಲಿಟ್ಟಿದ್ದರಿಂದ ತಳ ಹತ್ತಿತು, ಕೊಬ್ಬು ಕಂದು ಬಣ್ಣಕ್ಕೆ ತಿರುಗಿತು. ಅದನ್ನು ಬೆಳ್ಳಗೆ ಮಾಡಬೇಕೆಂದು ಎರಡನೆಯ ಸಲ ನೀರು ಮತ್ತು ಎರಡು ಮುಷ್ಟಿ ಉಪ್ಪು ಹಾಕಿ ಕುದಿಸಿ, ಬಿಸಿಯಿರುವಾಗಲೇ ಪ್ಲಾಸ್ಟಿಕ್ ಡಬ್ಬಿಗೆ ಸುರಿದಿಟ್ಟೆ. ಒಟ್ಟು 2 ಕಿಲೋ 600 ಗ್ರಾಂ ಬಂತು.

ಹಬ್ಬದ ಹೊತ್ತಿಗೆ ಪಟ್ಟಿಗಳು ಮೆತ್ತಗಾಗಿ ಚೆನ್ನಾಗಿಯೇ ಇದ್ದವು. ಈಗ ಡಿಸೆಂಬರಿನಲ್ಲಿ ಅವೇ ಪಟ್ಟಿಗಳ ಮೇಲೆ ಬಿಳಿ ಪುಡಿ ಎದ್ದಿದೆ, ಹಿತ್ತಾಳೆ ಗೆಜ್ಜೆಗಳ ಬುಡದಲ್ಲಿ ಹಸಿರು ಬೂಷ್ಟು ಕಟ್ಟಿದೆ, ಡಬ್ಬಿಯ ತಳದ ಕೊಬ್ಬು ಹುಳಿ ವಾಸನೆ ಬೀರುತ್ತಿದೆ. ಎಲ್ಲಿ ತಪ್ಪಿದೆ, ಉಳಿದ ಕೊಬ್ಬನ್ನು ಎಸೆಯಬೇಕೇ, ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಗದಗ ಹಲಗೆ

ತಮ್ಮಾ, ನೀವು ಉಪ್ಪು ಹಾಕಿದ್ದೇ ತಪ್ಪು. ನಮ್ಮ ಮನೆಯಲ್ಲಿ ಹಲಗೆಗೆ, ಬಾರುಕೋಲಿಗೆ, ಮಿಣಿಗೆ ಮೂರು ತಲೆಮಾರಿನಿಂದ ಕುರಿ ನೆಣವನ್ನೇ ಹಚ್ಚುತ್ತ ಬಂದಿದ್ದೇವೆ. ಒಂದು ಹರಳು ಉಪ್ಪನ್ನೂ ಹಾಕಿದವರಲ್ಲ. ಉಪ್ಪೇ ಮೇಲೆ ಬಂದು ಬಿಳಿ ಪುಡಿಯಾಗಿದೆ. ಹಸಿರಾಗಿರುವುದು ಬೂಷ್ಟು, ಅದಕ್ಕೆ ಬೇವಿನ ಎಣ್ಣೆ ಹಚ್ಚಿ ಬಿಸಿಲಿಗೆ ಇಡಿ. ಮುಂದಿನ ಸಲ ನೆಣಕ್ಕೆ ಅರ್ಧದಷ್ಟು ಕುಸುಬೆ ಎಣ್ಣೆ ಬೆರೆಸಿದರೆ ಎಂಥ ಚಳಿಯಲ್ಲಿಯೂ ಪಟ್ಟಿ ಬಿರುಸಾಗುವುದಿಲ್ಲ.

ಬ್ಯಾಡಗಿ ಓದುಗ

ಶೀರ್ಷಿಕೆಯಲ್ಲಿ ಚರ್ಬಿ ಎಂಬುದನ್ನು ಕಂಡು ಬಂದೆ. ಸಂತೆಯಲ್ಲಿ ಕೊಂಡ ತುಪ್ಪ ಈ ಚಳಿಯಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗಿದೆ. ಅದರಲ್ಲಿ ಚರ್ಬಿ ಬೆರೆಸಿದ್ದಾರೆ ಎಂದು ಮನೆಯವರೆಲ್ಲ ಹೇಳುತ್ತಿದ್ದಾರೆ. ಗಟ್ಟಿಯಾಗುವುದರಿಂದ ಇದನ್ನು ಪತ್ತೆ ಹಚ್ಚಬಹುದೇ?

ತೊಗಲು ಪ್ರಯೋಗಾಲಯ, ಧಾರವಾಡ

ತೊಗಲು ಹದ ಮಾಡುವ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಬಹಳ ವರ್ಷ ಕೆಲಸ ಮಾಡಿ ಈಗ ನಿವೃತ್ತನಾಗಿದ್ದೇನೆ. ಉತ್ತರ ಕೊಡುವ ಮೊದಲು ಪಟ್ಟಿಗಾರರಿಂದ ಮೂರು ವಿಷಯ ತಿಳಿಯಬೇಕು. ಅಂಗಡಿಯವರು ಆ 5 ಕಿಲೋವನ್ನು ಎಷ್ಟು ದಿನ ಕೂಡಿಟ್ಟು ಕೊಟ್ಟರು? ಉಪ್ಪುನೀರಿನಲ್ಲಿ ಕುದಿಸಿದ ಮೇಲೆ ಬರಿಯ ನೀರಿನಲ್ಲಿ ಇನ್ನೊಮ್ಮೆ ತೊಳೆದಿರಾ? ಹೆಪ್ಪುಗಟ್ಟಿದ ಗಡ್ಡೆಯನ್ನು ಡಬ್ಬಿಯಿಂದ ಹೊರತೆಗೆದು ಅದರ ತಳವನ್ನು ಕೆರೆದಿರಾ?

ಬ್ಯಾಡಗಿಯವರಿಗೆ ಒಂದು ಮಾತು. ತುಪ್ಪ ಗಟ್ಟಿಯಾಗುವುದು ಚಳಿಯಿಂದ, ದನದ ಮೇವಿನಿಂದ, ಕಾಯಿಸಿ ಆರಿಸಿದ ರೀತಿಯಿಂದಲೂ ಇರಬಹುದು, ಆದ್ದರಿಂದ ಅದು ಪರೀಕ್ಷೆಯಲ್ಲ. ಪ್ರಯೋಗಾಲಯದವರು ರೈಚರ್ಟ್–ಮೈಸಲ್ ಸಂಖ್ಯೆಯನ್ನು ನೋಡುತ್ತಾರೆ. ಹಾಲಿನ ಕೊಬ್ಬಿನಲ್ಲಿ ಆವಿಯಾಗಿ ಹೋಗಬಲ್ಲ ಚಿಕ್ಕ ಕೊಬ್ಬಿನಾಮ್ಲಗಳಿರುವುದರಿಂದ ತುಪ್ಪದಲ್ಲಿ ಆ ಸಂಖ್ಯೆ 20ರ ಮೇಲಿರುತ್ತದೆ, ಚರ್ಬಿಯಲ್ಲಿ ಸೊನ್ನೆಯ ಹತ್ತಿರ ಇರುತ್ತದೆ. ಆದರೂ ಒಂದು ಹಸುವಿನ ತುಪ್ಪಕ್ಕೂ ಇನ್ನೊಂದರ ತುಪ್ಪಕ್ಕೂ ಆ ಸಂಖ್ಯೆಯಲ್ಲಿ ಇಷ್ಟೊಂದು ವ್ಯತ್ಯಾಸವಿರುತ್ತದೆಂದರೆ, ನೂರಕ್ಕೆ ಐದರಷ್ಟು ಬೆರಕೆ ಮಾಡಿದವನು ಆ ಒಂದೇ ಪರೀಕ್ಷೆಯಲ್ಲಿ ಪಾರಾಗಿಬಿಡಬಹುದು. ಹೆಚ್ಚಿನ ಮಾತಿಗೆ ನೀವು ಬೇರೆ ಎಳೆ ತೆರೆಯುವುದು ಒಳ್ಳೆಯದು.

ಹಾವೇರಿ ಪಟ್ಟಿಗಾರ

ಸರ್, ಅಂಗಡಿಯವರು ಮೂರು ದಿನ ಕೂಡಿಟ್ಟು ಕೊಟ್ಟರು. ಫ್ರಿಜ್ಜಿನಲ್ಲಿ ಇಟ್ಟಿದ್ದರೋ ಇಲ್ಲವೋ ಕೇಳಲಿಲ್ಲ. ಮೂತ್ರಪಿಂಡದ ಸುತ್ತಲಿನ ಗಡ್ಡೆಯ ಜೊತೆಗೆ ಹೊಟ್ಟೆಯ ಜಾಲರಿ ಮತ್ತು ಎದೆಯ ಕಡೆಯ ಚೂರುಗಳೂ ಇದ್ದವು. ಬರಿಯ ನೀರಿನಲ್ಲಿ ತೊಳೆಯಲಿಲ್ಲ. ತಳವನ್ನೂ ಕೆರೆಯಲಿಲ್ಲ, ಕೆರೆಯಬೇಕೆಂದೇ ಗೊತ್ತಿರಲಿಲ್ಲ.

ತೊಗಲು ಪ್ರಯೋಗಾಲಯ, ಧಾರವಾಡ

ಹಾಗಾದರೆ ನಿಮ್ಮ ಮೂರು ದೂರುಗಳಿಗೆ ಮೂರು ಬೇರೆ ಬೇರೆ ಕಾರಣಗಳಿವೆ.

ಮೊದಲು ಡಬ್ಬಿಯ ತಳದ ಹುಳಿ ವಾಸನೆ. ಹಸಿ ಕೊಬ್ಬೆಂದರೆ ಬರಿಯ ಕೊಬ್ಬಲ್ಲ, ಅದರಲ್ಲಿ ನೀರು, ರಕ್ತ, ಪೊರೆ ಎಲ್ಲವೂ ಸೇರಿರುತ್ತವೆ. ಕಾಯಿಸುವುದರ ಉದ್ದೇಶವೇ ಇವೆಲ್ಲವನ್ನೂ ಬೇರೆ ಮಾಡುವುದು. ನೀವು ನೀರು ಹಾಕಿ ಕುದಿಸಿ ಹಾಗೆಯೇ ಸುರಿದಾಗ ಕೊಬ್ಬು ಮೇಲೆ ನಿಂತು, ಉಪ್ಪುನೀರೂ ಮಾಂಸದ ಅಂಟೂ ಕೆಳಗೆ ಇಳಿದು, ತಳದಲ್ಲಿ ಬೂದು ಬಣ್ಣದ ಲೋಳೆಯಾಗಿ ಉಳಿದಿವೆ. ಕೊಳೆತಿರುವುದು ಆ ಲೋಳೆ, ಕೊಬ್ಬಲ್ಲ. ಆದರೆ ಅದು ಎರಡು ತಿಂಗಳು ಕೊಬ್ಬಿಗೆ ತಾಗಿಕೊಂಡೇ ಇದ್ದದ್ದರಿಂದ ಕೊಬ್ಬನ್ನೂ ಸ್ವಲ್ಪ ಸ್ವಲ್ಪವಾಗಿ ಒಡೆದು ಆಮ್ಲ ಮಾಡಿದೆ. ಮೂರು ದಿನ ಹಾಗೆಯೇ ಇದ್ದ ಹಸಿ ಕೊಬ್ಬಿನಲ್ಲಿ ಈ ಒಡೆಯುವಿಕೆ ಒಲೆ ಹಚ್ಚುವ ಮೊದಲೇ ಶುರುವಾಗಿರುತ್ತದೆ. ನಮ್ಮ ಕಡೆಯ ಕುರಿಗಳು ತೆಳು ಮೈಯವು, ಒಂದರಿಂದ ಸಿಗುವುದು ಬೊಗಸೆಯಷ್ಟು. ಹೀಗಾಗಿ 5 ಕಿಲೋ ಒಟ್ಟಿಗೆ ಬೇಕೆಂದು ಕೇಳಿದವರಿಗೆ ಹಳೆಯ ಕೊಬ್ಬೇ ದೊರೆಯುತ್ತದೆ. ದಿನವೂ ಒಂದಿಷ್ಟು ತಂದು ಡೀಪ್ ಫ್ರೀಜರಿನಲ್ಲಿ ಕೂಡಿಡುವುದು ಲೇಸು.

ಎರಡನೆಯದು ಹಸಿರು. ಅದು ಬೂಷ್ಟಲ್ಲ. ಗೆಜ್ಜೆಯ ಬುಡದಲ್ಲಿ ಮಾತ್ರ ಇದೆ, ಬರಿಯ ತೊಗಲಿನ ಮೇಲೆ ಇಲ್ಲ ಎಂಬುದನ್ನು ಗಮನಿಸಿ. ಒಡೆದ ಕೊಬ್ಬಿನ ಆಮ್ಲ ಹಿತ್ತಾಳೆಯಲ್ಲಿರುವ ತಾಮ್ರದೊಡನೆ ಕೂಡಿ ಹಸಿರು ಮೇಣದಂಥ ವಸ್ತುವಾಗುತ್ತದೆ, ಅದು ತಾಮ್ರದ ಒಂದು ಬಗೆಯ ಸಾಬೂನು. ಬೆರಳಲ್ಲಿ ತಿಕ್ಕಿದರೆ ಬೂಷ್ಟಿನ ಹಾಗೆ ಪುಡಿಯಾಗದೆ ಜಿಗುಟಾಗಿ ಮೆತ್ತಿಕೊಳ್ಳುತ್ತದೆ. ಬೇವಿನ ಎಣ್ಣೆ ಹಚ್ಚಿದರೆ ಅದರಲ್ಲಿನ ಆಮ್ಲವೂ ಸೇರಿ ಹಸಿರು ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಬಿದಿರ ಕಡ್ಡಿಯಿಂದ ಕೆರೆದು, ಒಣಬಟ್ಟೆಯಿಂದ ಒರೆಸಿ, ಮುಂದೆ ಗೆಜ್ಜೆಯ ಬುಡಕ್ಕೆ ಕೊಬ್ಬನ್ನು ತೀರ ತೆಳ್ಳಗೆ ಹಚ್ಚಿ.

ಮೂರನೆಯದು ಬಿಳಿ ಪುಡಿ. ಇದರಲ್ಲಿ ಹಲಗೆಯವರ ಮಾತು ಅರ್ಧ ಸರಿ. ತೊಗಲಿನ ಮೇಲೆ ಬಿಳಿಯಾಗಿ ಏಳುವಂಥವು ಉಪ್ಪು, ಬೂಷ್ಟು ಮತ್ತು ಕೊಬ್ಬು. ಒದ್ದೆ ಬಟ್ಟೆಯಿಂದ ಒರೆಸಿದಾಗ ಕರಗಿ ಹೋಗಿ, ಒಣಗಿದ ಮೇಲೆ ಮತ್ತೆ ಬಂದರೆ ಅದು ಉಪ್ಪು. ಚುಕ್ಕೆ ಚುಕ್ಕೆಯಾಗಿ ಹತ್ತಿಯ ಎಳೆಯ ಹಾಗೆ ಇದ್ದು ತೇವದ ವಾಸನೆ ಹೊಡೆದರೆ ಅದು ಬೂಷ್ಟು. ಇಡೀ ಪಟ್ಟಿಯ ಮೇಲೆ ಸಮನಾಗಿ ಹಬ್ಬಿದ್ದು, ಬಿಸಿಲಿಗೆ ಹಿಡಿದಾಗ ಅಥವಾ ಕೂದಲು ಒಣಗಿಸುವ ಡ್ರೈಯರಿನ ಬಿಸಿಗಾಳಿ ತಾಗಿದಾಗ ಕಣ್ಣೆದುರೇ ಕರಗಿ ಒಳಗಿಳಿದರೆ ಅದು ಕೊಬ್ಬು. ಮೊದಲು ಈ ಪರೀಕ್ಷೆ ಮಾಡಿ ತಿಳಿಸಿ.

ಹಾವೇರಿ ಪಟ್ಟಿಗಾರ

ಮಾಡಿ ನೋಡಿದೆ ಸರ್. ಆರು ಪಟ್ಟಿಗಳಲ್ಲಿ ಐದರ ಪುಡಿ ಬಿಸಿಲಿನಲ್ಲಿ ಕರಗಿ ಮಾಯವಾಯಿತು. ಆರನೆಯದರಲ್ಲಿ ಹೋಗಲಿಲ್ಲ. ಅದು ಡಬ್ಬಿಯ ತಳದ ಕೊಬ್ಬನ್ನು ಹಚ್ಚಿದ ಪಟ್ಟಿ, ಒದ್ದೆ ಬಟ್ಟೆಗೆ ಹೋಯಿತು, ಸಂಜೆಗೆ ಮತ್ತೆ ಬಂತು. ಅಂದರೆ ಹಲಗೆ ಅಣ್ಣನವರು ಹೇಳಿದ್ದೂ ಒಂದು ಪಟ್ಟಿಯ ಮಟ್ಟಿಗೆ ನಿಜವಾಯಿತು.

ಗದಗ ಹಲಗೆ

ಆರರಲ್ಲಿ ಒಂದಾದರೂ ಸಿಕ್ಕಿತಲ್ಲ, ಸಂತೋಷ. ಆದರೆ ಕೊಬ್ಬು ತಾನಾಗಿ ಹೊರಗೆ ಬಂದು ಪುಡಿಯಾಗುತ್ತದೆ ಎನ್ನುವುದು ನನಗೆ ಹೊಸದು.

ತೊಗಲು ಪ್ರಯೋಗಾಲಯ, ಧಾರವಾಡ

ಕುರಿಯ ಕೊಬ್ಬು ಒಂದೇ ವಸ್ತುವಲ್ಲ ಅಣ್ಣನವರೇ. ಅದರಲ್ಲಿ ಬೇಗ ಕರಗುವ ಮೆತ್ತನೆಯ ಭಾಗವೂ ಇದೆ, ಮೇಣದ ಹಾಗೆ ಗಟ್ಟಿಯಾಗಿರುವ ಸ್ಟಿಯರಿಕ್ ಭಾಗವೂ ಇದೆ. ಮೂತ್ರಪಿಂಡದ ಸುತ್ತಲಿನ ಗಡ್ಡೆಯಲ್ಲಿ ಈ ಗಟ್ಟಿ ಭಾಗ ಹೆಚ್ಚು, ಮೈಮೇಲಿನ ಕೊಬ್ಬಿನಲ್ಲಿ ಕಡಿಮೆ. ಸೆಕೆಯಲ್ಲಿ ಎರಡೂ ಕೂಡಿಕೊಂಡು ತೊಗಲಿನೊಳಗೆ ಇಳಿಯುತ್ತವೆ. ಚಳಿಗೆ ಗಟ್ಟಿ ಭಾಗ ಬೇರೆಯಾಗಿ, ಹರಳುಗಟ್ಟಿ, ಮೇಲಕ್ಕೆ ಬಂದು ಕೂಡುತ್ತದೆ. ಧಾರವಾಡದ ಡಿಸೆಂಬರ್ ರಾತ್ರಿಗಳು ಇದಕ್ಕೆ ಸಾಕು. ಫ್ರಾನ್ಸಿನ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞರು 1823ರಲ್ಲಿ ಪ್ರಾಣಿಗಳ ಕೊಬ್ಬಿನ ಬಗ್ಗೆ ತಮ್ಮ ದೊಡ್ಡ ಅಧ್ಯಯನವನ್ನು ಪ್ರಕಟಿಸಿದರು. ಎರಡು ವರ್ಷಗಳ ನಂತರ ಅವರೂ ಗೇ–ಲುಸಾಕ್ ಅವರೂ ಸೇರಿ, ಕೊಬ್ಬಿನಿಂದ ಬೇರ್ಪಡಿಸಿದ ಗಟ್ಟಿ ಆಮ್ಲಗಳಿಂದ ಮೇಣದಬತ್ತಿ ಮಾಡುವುದಕ್ಕೆ ಪೇಟೆಂಟ್ ಪಡೆದರು. ಬತ್ತಿಗೆ ಬೇಕಾದ ಆ ಗಟ್ಟಿತನವೇ ನಿಮ್ಮ ಪಟ್ಟಿಗೆ ಕಾಟವಾಗಿದೆ.

ಹಾಗೆಂದು ಕುಸುಬೆ ಎಣ್ಣೆಯನ್ನು ಮಾತ್ರ ಬೆರೆಸಬೇಡಿ. ಅದು ಗಾಳಿಗೆ ಒಣಗಿ ಪೊರೆಗಟ್ಟುವ ಜಾತಿಯ ಎಣ್ಣೆ. ಮೊದಲ ತಿಂಗಳು ಮೆತ್ತಗೆ ಕಾಣಿಸಿ, ಆಮೇಲೆ ಅಂಟಾಗಿ, ಕೊನೆಗೆ ತೊಗಲನ್ನು ಬಿರುಸು ಮಾಡುತ್ತದೆ. ನೀರು ಇಳಿಯದ ಹಾಗೆ ಮೇಲೆ ಗಟ್ಟಿ ಲೇಪ ಬೇಕೆಂದಾಗ ಅದು ಸರಿ, ಬಾಗುವ ಪಟ್ಟಿಗೆ ಸಲ್ಲದು. ಶೇಂಗಾ ಎಣ್ಣೆ ಹಾಗೆ ಒಣಗುವುದಿಲ್ಲ. ಮೂರು ಪಾಲು ಕೊಬ್ಬಿಗೆ ಒಂದು ಪಾಲು ಶೇಂಗಾ ಎಣ್ಣೆ ಹಾಕಿ, ಇನ್ನಷ್ಟು ಹಿಡಿತ ಬೇಕಿದ್ದರೆ ನಿಂಬೆಹಣ್ಣಿನ ಗಾತ್ರದ ಜೇನುಮೇಣ ಸೇರಿಸಿ ಕರಗಿಸಿ.

ಗದಗ ಹಲಗೆ

ಕುಸುಬೆಯ ಮಾತನ್ನು ಒಪ್ಪುತ್ತೇನೆ. ನಮ್ಮ ಹಳೆಯ ಬಾರುಕೋಲು ಅಂಟಂಟಾಗುತ್ತಿದ್ದದ್ದು ಈಗ ನೆನಪಾಯಿತು. ಆದರೆ ನಿಮ್ಮ ಮಾತಿನ ಅರ್ಥ ಗಡ್ಡೆ ನೆಣ ಬೇಡ, ಮೈ ನೆಣವೇ ಸಾಕು ಎಂದಾದರೆ ಅದನ್ನು ನಾನು ಒಪ್ಪುವುದಿಲ್ಲ. ಮೈ ನೆಣ ಹಚ್ಚಿದ ಮಿಣಿ ಏಪ್ರಿಲ್ ಬಿಸಿಲಿಗೆ ಬೆವರಿ ಕೈಗೆಲ್ಲ ಜಿಡ್ಡು ಹತ್ತುತ್ತದೆ, ಎತ್ತಿನ ಕೂದಲು ಅಂಟಿಕೊಳ್ಳುತ್ತದೆ. ಗಡ್ಡೆ ನೆಣ ಹಾಗೆ ಇಳಿಯುವುದಿಲ್ಲ.

ಹುಬ್ಬಳ್ಳಿ ಅಡುಗೆಮನೆ

ನಾನು ಹೋಟೆಲಿನ ಅಡುಗೆಯವನು, ನನ್ನ ಪ್ರಶ್ನೆ ತಿನ್ನುವ ಕಡೆಯದು. ಇಂಗ್ಲಿಷ್ ಪುಡಿಂಗ್ ಮಾಡುವಾಗ ಸೂಯೆಟ್ ಬೇಕೆಂದು ಪಾಕವಿಧಾನದಲ್ಲಿತ್ತು. ಅದು ಇದೇ ಗಡ್ಡೆ ಚರ್ಬಿಯೆಂದು ತಿಳಿದು, ಕಾಯಿಸಿ ಸೋಸಿ ಬೆಳ್ಳಗಾದ ಮೇಲೆ ಮೈದಾಕ್ಕೆ ಕಲಸಿದೆ. ಪುಡಿಂಗ್ ಇಟ್ಟಿಗೆಯಾಯಿತು. ಕಾಯಿಸಿದ್ದು ಇನ್ನೂ ಶುದ್ಧವಾದದ್ದಲ್ಲವೇ?

ತೊಗಲು ಪ್ರಯೋಗಾಲಯ, ಧಾರವಾಡ

ಸೂಯೆಟ್ ಎಂದರೆ ಕಾಯಿಸದ ಹಸಿ ಗಡ್ಡೆ, ಅದನ್ನು ಕಾಯಿಸಿ ಸೋಸಿದ ಮೇಲೆ ಟ್ಯಾಲೋ ಎನ್ನುತ್ತಾರೆ. ದನದ್ದಾದರೂ ಕುರಿಯದ್ದಾದರೂ ಹೆಸರು ಅದೇ. ಹಂದಿಯ ಕೊಬ್ಬಿಗೆ ಮಾತ್ರ ಬೇರೆ ಹೆಸರಿದೆ, ಅದು ಮೆತ್ತನೆಯದು. ನಿಮ್ಮ ಪಾಕವಿಧಾನದಲ್ಲಿ ಹಸಿ ಗಡ್ಡೆಯನ್ನು ಚೆನ್ನಾಗಿ ತಣ್ಣಗಾಗಿಸಿ, ಹೆರೆದು, ಹಿಟ್ಟಿನಲ್ಲಿ ಚೂರು ಚೂರಾಗಿಯೇ ಉಳಿಯುವಂತೆ ಹಾಕಬೇಕಿತ್ತು. ಬೆಣ್ಣೆಗಿಂತ ತಡವಾಗಿ ಕರಗುವುದೇ ಅದರ ಗುಣ. ಆ ಚೂರುಗಳು ಕರಗುವ ಹೊತ್ತಿಗೆ ಸುತ್ತಲಿನ ಹಿಟ್ಟು ಬೆಂದು ನಿಲ್ಲಲು ತೊಡಗಿರುತ್ತದೆ, ಚೂರಿದ್ದ ಜಾಗ ಟೊಳ್ಳಾಗಿ ಉಳಿದು ಪುಡಿಂಗ್ ಹಗುರಾಗುತ್ತದೆ. ನೀವು ಮೊದಲೇ ಕರಗಿಸಿ ಕಲಸಿದ್ದರಿಂದ ಟೊಳ್ಳಾಗಲು ಏನೂ ಉಳಿಯಲಿಲ್ಲ. ಇನ್ನೊಂದು ಮಾತು, ಕುರಿಯ ಚರ್ಬಿ ನಾಲಗೆಯ ಬಿಸಿಗೆ ಪೂರ್ತಿ ಕರಗುವುದಿಲ್ಲ. ಮಟನ್ ಸಾರು ಆರಿದ ಮೇಲೆ ಅಂಗುಳಕ್ಕೆ ಮೇಣ ಹತ್ತಿದಂತಾಗುವುದು ನಿಮಗೆ ಗೊತ್ತೇ ಇದೆ. ಪುಡಿಂಗನ್ನೂ ಬಿಸಿಯಿರುವಾಗಲೇ ಬಡಿಸಬೇಕು.

ಹಾವೇರಿ ಪಟ್ಟಿಗಾರ

ಸರ್, ಹಾಗಾದರೆ ಮೊದಲಿನಿಂದ ಹೇಗೆ ಕಾಯಿಸಬೇಕೆಂದು ಬಿಡಿಸಿ ಹೇಳುತ್ತೀರಾ? ಉಳಿದ ಎರಡು ಕಿಲೋವನ್ನು ಏನು ಮಾಡಲಿ?

ತೊಗಲು ಪ್ರಯೋಗಾಲಯ, ಧಾರವಾಡ

ಹಸಿ ಕೊಬ್ಬನ್ನು ಮೊದಲು ಫ್ರಿಜ್ಜಿನಲ್ಲಿಟ್ಟು ಬಿಗಿಯಾಗಿಸಿ. ಗಟ್ಟಿಯಿದ್ದಾಗ ಪೊರೆ, ರಕ್ತದ ಗಂಟು, ಮಾಂಸದ ಎಳೆಗಳನ್ನು ಸುಲಭವಾಗಿ ಬಿಡಿಸಬಹುದು, ಅವೇ ಮುಂದೆ ತಳ ಹತ್ತಿ ಬಣ್ಣ ಕೆಡಿಸುವುದು. ಆಮೇಲೆ ಅಂಗಡಿಯವರ ಖೈಮಾ ಯಂತ್ರದಲ್ಲಿ ಹಾಕಿಸಿ, ಇಲ್ಲವೇ ಕಡಲೆಕಾಳಿನಷ್ಟು ಚಿಕ್ಕದಾಗಿ ಕೊಚ್ಚಿ. ಕೊಬ್ಬು ಪುಟ್ಟ ಪುಟ್ಟ ಚೀಲಗಳಲ್ಲಿ ತುಂಬಿರುತ್ತದೆ, ಚೀಲ ಒಡೆಯದೆ ಕೊಬ್ಬು ಹೊರಬರುವುದಿಲ್ಲ. ದೊಡ್ಡ ತುಂಡಿನ ಹೊರಮೈ ಸುಟ್ಟು ಕರಕಲಾದರೂ ಒಳಗಿನ ಕೊಬ್ಬು ಹಾಗೆಯೇ ಉಳಿದಿರುತ್ತದೆ. ನಿಮಗೆ 5 ಕಿಲೋಗೆ 2 ಕಿಲೋ 600 ಗ್ರಾಂ ಮಾತ್ರ ಬಂದದ್ದಕ್ಕೆ ಇದೇ ಮುಖ್ಯ ಕಾರಣ. ಒಳ್ಳೆಯ ಗಡ್ಡೆ ಕೊಬ್ಬಾದರೆ ಮೂರೂವರೆ ಕಿಲೋದ ಆಸುಪಾಸಿಗೆ ಬರಬೇಕು.

ಸ್ಟೀಲ್ ಪಾತ್ರೆಯಲ್ಲಿ 5 ಕಿಲೋ ಕೊಬ್ಬಿಗೆ ಒಂದೂವರೆ ಲೀಟರ್ ನೀರು, ಒಂದು ಹಿಡಿ ಉಪ್ಪು ಹಾಕಿ ಸಣ್ಣ ಉರಿಯಲ್ಲಿಡಿ. ಕಲಾಯಿ ಹೋದ ತಾಮ್ರದ ಪಾತ್ರೆ ಬೇಡ, ತಾಮ್ರ ತಾಗಿದ ಕೊಬ್ಬು ಬೇಗ ಮುಗ್ಗುತ್ತದೆ. ನೀರಿರುವವರೆಗೆ ಬಿಸಿ ಕುದಿಯುವ ನೀರಿನ ಮಟ್ಟವನ್ನು ಹೆಚ್ಚು ದಾಟುವುದಿಲ್ಲ, ಹಾಗಾಗಿ ತಳ ಹತ್ತುವ ಭಯವೂ ಕಡಿಮೆ. ಮೂರು ನಾಲ್ಕು ಗಂಟೆ ಬೇಕಾಗುತ್ತದೆ, ನಡುನಡುವೆ ಕಲಕುತ್ತಿರಿ, ನೀರು ಬತ್ತಿದರೆ ಬಿಸಿನೀರು ಹಾಕಿ. ಚೂರುಗಳು ಕುಗ್ಗಿ, ಹೊಳಪು ಕಳೆದುಕೊಂಡು, ತಳಕ್ಕೆ ಇಳಿಯತೊಡಗಿದಾಗ ಮೊದಲು ಜರಡಿಯಲ್ಲಿ, ಆಮೇಲೆ ಹಳೆಯ ಪಂಚೆಯ ಬಟ್ಟೆಯಲ್ಲಿ ಸೋಸಿ, ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬಿಲ್ಲೆಯನ್ನು ಎತ್ತಿ, ತಲೆಕೆಳಗೆ ಮಾಡಿ, ತಳಕ್ಕೆ ಅಂಟಿದ ಕಂದು ಲೋಳೆಯನ್ನು ಬಿಳಿ ಕಾಣುವವರೆಗೆ ಚಾಕುವಿನಿಂದ ಕೆರೆದು ಹಾಕಿ.

ಉಪ್ಪಿನ ಬಗ್ಗೆ ಹಲಗೆಯವರಿಗೂ ನನಗೂ ಇರುವ ಭಿನ್ನಾಭಿಪ್ರಾಯ ಇಷ್ಟೇ. ಉಪ್ಪು ನೀರನ್ನು ಭಾರವಾಗಿಸಿ ಕಶ್ಮಲವನ್ನು ಚೆನ್ನಾಗಿ ಇಳಿಸುತ್ತದೆ, ಆದರೆ ಅದು ಕೊಬ್ಬಿನಲ್ಲಿ ಉಳಿಯಬಾರದು. ಆದ್ದರಿಂದ ಬಿಲ್ಲೆಯನ್ನು ಇನ್ನೆರಡು ಸಲ ಉಪ್ಪಿಲ್ಲದ ನೀರಿನಲ್ಲಿ ಕರಗಿಸಿ, ಹೆಪ್ಪುಗಟ್ಟಿಸಿ, ಕೆರೆಯಿರಿ.

ಕೊನೆಯ ಸಲ ನೀರು ಹಾಕದೆ ಸಣ್ಣ ಉರಿಯಲ್ಲಿ ಕರಗಿಸಿ. ಉಳಿದ ತೇವ ಗುಳ್ಳೆಗಳಾಗಿ ಹೊರಡುತ್ತದೆ, ಚಟಪಟ ಸದ್ದು ಬರುತ್ತದೆ. ಬೆಣ್ಣೆ ಕಾಯಿಸುವಾಗ ಹೇಗೆ ಸದ್ದನ್ನು ಕೇಳಿ ತುಪ್ಪವಾಯಿತೆಂದು ತಿಳಿಯುತ್ತೀರೋ ಹಾಗೆಯೇ ಇಲ್ಲಿಯೂ ಕಿವಿಯೇ ಹೇಳುತ್ತದೆ. ಸದ್ದು ನಿಂತು, ಕೊಬ್ಬು ತಿಳಿಯಾಗಿ ಪಾತ್ರೆಯ ತಳ ಕಂಡಾಗ ಇಳಿಸಿ. ಹೊಗೆ ಬಂದರೆ ಮಿತಿ ಮೀರಿದೆ ಎಂದರ್ಥ. ಎಂದಾದರೂ ಉರಿ ಹತ್ತಿಕೊಂಡರೆ ನೀರು ಎರಚದೆ, ಒಲೆ ಆರಿಸಿ, ಮುಚ್ಚಳ ಮುಚ್ಚಿ. ಪೂರ್ತಿ ಒಣಗಿದ ಸ್ಟೀಲ್ ಡಬ್ಬಿಗೆ ಕಂಠದವರೆಗೆ ತುಂಬಿ ಕತ್ತಲಲ್ಲಿಡಿ.

ನಿಮ್ಮ ಉಳಿದ ಕೊಬ್ಬಿನಲ್ಲಿ ತಳದ ಎರಡು ಬೆರಳಿನಷ್ಟನ್ನು ಕತ್ತರಿಸಿ ಎಸೆಯಿರಿ. ಮೇಲಿನದನ್ನು ಇದೇ ರೀತಿ ಉಪ್ಪಿಲ್ಲದ ನೀರಿನಲ್ಲಿ ಎರಡು ಸಲ ತೊಳೆದು ಒಣಗಿಸಿ. ಕುರಿಯ ಸಹಜ ವಾಸನೆ, ಅದರಲ್ಲಿಯೂ ಬಲಿತ ಟಗರಿನ ವಾಸನೆ, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ, ಅದು ಕೊಬ್ಬಿನಲ್ಲಿಯೇ ಇರುವಂಥದ್ದು. ಹುಳಿ ವಾಸನೆ ಹೋಯಿತೇ ಎಂಬುದನ್ನು ಮಾತ್ರ ನೋಡಿ. ಒಡೆದು ಹುಟ್ಟಿದ ಆಮ್ಲ ನೀರಿಗೆ ಬಿಡುವುದಿಲ್ಲವಾದ್ದರಿಂದ ಈ ಕೊಬ್ಬನ್ನು ಗೆಜ್ಜೆಯಿರುವ ಪಟ್ಟಿಗೆ ಬಳಸದೆ, ಹಿತ್ತಾಳೆಯಿಲ್ಲದ ಹಗ್ಗ ಮಿಣಿಗಳಿಗೆ ಇಟ್ಟುಕೊಳ್ಳಿ.

ಸಾಬೂನಿನ ಮನೆ, ಧಾರವಾಡ

ಸರ್, ಆಮ್ಲವಾದ ಕೊಬ್ಬು ಸಾಬೂನಿಗೆ ಆಗುತ್ತದಲ್ಲವೇ? ನಾನು ಮನೆಯಲ್ಲಿ ಕೊಬ್ಬರಿ ಎಣ್ಣೆಯಿಂದ ಮಾಡುತ್ತೇನೆ, ಕಿಲೋಗೆ 183 ಗ್ರಾಂ ಕಾಸ್ಟಿಕ್ ಸೋಡಾ ಲೆಕ್ಕ. ಪಟ್ಟಿಗಾರ ತಮ್ಮನವರು ಅದೇ ಲೆಕ್ಕದಲ್ಲಿ ಮಾಡಬಹುದು.

ತೊಗಲು ಪ್ರಯೋಗಾಲಯ, ಧಾರವಾಡ

ಅಕ್ಕಾ, ಸಾಬೂನಿಗೆ ಆಗುತ್ತದೆ, ಆದರೆ ಆ ಲೆಕ್ಕ ಬೇಡ, ಮೈ ಸುಟ್ಟೀತು. ಕೊಬ್ಬರಿ ಎಣ್ಣೆ ಸೋಡಾವನ್ನು ಹೆಚ್ಚು ಬೇಡುತ್ತದೆ, ಕುರಿಯ ಚರ್ಬಿಗೆ ಕಿಲೋಗೆ ಸುಮಾರು 138 ಗ್ರಾಂ ಸಾಕು. ಬರಿಯ ಚರ್ಬಿಯ ಸಾಬೂನು ಗಟ್ಟಿಯಾಗಿ ಬಹಳ ದಿನ ಬಾಳಿದರೂ ನೊರೆ ಕಡಿಮೆ, ಆದ್ದರಿಂದ 750 ಗ್ರಾಂ ಚರ್ಬಿಗೆ 250 ಗ್ರಾಂ ಕೊಬ್ಬರಿ ಎಣ್ಣೆ ಸೇರಿಸುವುದು ವಾಡಿಕೆ. ಅದಕ್ಕೆ ಲೆಕ್ಕ ಹಾಕಿದರೆ 149 ಗ್ರಾಂ ಬರುತ್ತದೆ, ನೂರಕ್ಕೆ ಐದು ಕಡಿಮೆ ಮಾಡಿ 142 ಗ್ರಾಂ ಹಾಕಿ, ನೀರು 330 ಗ್ರಾಂ. ಸೋಡಾವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಸೋಡಾಕ್ಕೆ ಸುರಿಯಬಾರದು ಎಂಬುದು ನಿಮಗೆ ತಿಳಿದದ್ದೇ, ಬೇರೆ ಓದುಗರಿಗಾಗಿ ಬರೆದೆ. ಹುಳಿಯಾದ ಕೊಬ್ಬು ಸೋಡಾ ತಾಗಿದೊಡನೆ ಬೇಗ ಗಟ್ಟಿಯಾಗುತ್ತದೆ, ಅಚ್ಚನ್ನು ಮೊದಲೇ ಸಿದ್ಧವಾಗಿಟ್ಟುಕೊಳ್ಳಿ.

ಹಾವೇರಿ ಪಟ್ಟಿಗಾರ

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಹಳೆಯದನ್ನು ತೊಳೆದೆ, ಒಂದೂವರೆ ಕಿಲೋ ಉಳಿಯಿತು, ಹುಳಿ ವಾಸನೆ ಹೋಗಿದೆ, ಟಗರಿನ ವಾಸನೆ ಇದೆ. ಹೊಸದಾಗಿ 2 ಕಿಲೋ ಗಡ್ಡೆ ಚರ್ಬಿಯನ್ನು ಅದೇ ದಿನದ್ದನ್ನು ತಂದು ಖೈಮಾ ಮಾಡಿಸಿ ಕಾಯಿಸಿದಾಗ 1 ಕಿಲೋ 420 ಗ್ರಾಂ ಬಂತು, ಬಣ್ಣ ಸುಣ್ಣದಷ್ಟು ಬಿಳಿ. ಅದಕ್ಕೆ ಶೇಂಗಾ ಎಣ್ಣೆ ಬೆರೆಸಿ ಎರಡು ಪಟ್ಟಿಗೆ, ಬೆರೆಸದೆ ಎರಡು ಪಟ್ಟಿಗೆ ಹಚ್ಚಿ ಹಿತ್ತಲ ಗೂಟಕ್ಕೆ ತೂಗುಹಾಕಿದ್ದೇನೆ. ಬೆರೆಸದ ಎರಡರ ಮೇಲೆ ನಾಲ್ಕನೆಯ ಬೆಳಿಗ್ಗೆಗೇ ತೆಳ್ಳಗೆ ಬಿಳಿ ಎದ್ದಿತು. ಬೆರೆಸಿದವು ಇಂದಿನವರೆಗೆ ಸ್ವಚ್ಛವಾಗಿವೆ.

ಗದಗ ಹಲಗೆ

ಚಳಿಗಾಲದ ಪರೀಕ್ಷೆಯಲ್ಲಿ ಮೇಷ್ಟ್ರು ಗೆದ್ದರು. ಆ ನಾಲ್ಕೂ ಪಟ್ಟಿಗಳನ್ನು ಇಳಿಸಬೇಡಿ ತಮ್ಮಾ, ಕಾರಹುಣ್ಣಿಮೆಯವರೆಗೆ ಅಲ್ಲಿಯೇ ಇರಲಿ. ಏಪ್ರಿಲ್ಲಿನಲ್ಲಿ ಯಾವುದು ಬೆವರುತ್ತದೆ ಎಂಬುದನ್ನು ನೋಡಿ ಇಲ್ಲಿಯೇ ಬರೆಯಿರಿ.

ತೊಗಲು ಪ್ರಯೋಗಾಲಯ, ಧಾರವಾಡ

ಒಪ್ಪಿಗೆ. ಬೇಸಿಗೆಗೆ ಶೇಂಗಾ ಎಣ್ಣೆಯ ಪಾಲು ಕಡಿಮೆ ಮಾಡಬೇಕಾದೀತು, ಅದರಲ್ಲಿ ನಿಮ್ಮ ಮಾತಿಗೆ ತೂಕವಿದೆ. ಪಟ್ಟಿಗಾರರು ಗೂಟವನ್ನು ಸ್ವಲ್ಪ ಎತ್ತರಕ್ಕೆ ಹೊಡೆಯಲಿ, ಕೊಬ್ಬು ಹಚ್ಚಿದ ತೊಗಲನ್ನು ನಾಯಿಗಳು ಬಿಡುವುದಿಲ್ಲ.

ಹಾವೇರಿ ಪಟ್ಟಿಗಾರ

ತಡವಾಗಿ ಹೇಳಿದಿರಿ ಸರ್. ಈಗ ಮೂರು ಪಟ್ಟಿಗಳಿವೆ, ಹೋದದ್ದು ಎಣ್ಣೆ ಬೆರೆಸಿದ್ದು.